ರಕ್ತಪರೀಕ್ಷೆ ಹೌದೆಂದಿತು, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ

ನಾನು ಗರ್ಭಿಣಿ ಎಂದು ಮನೆಯಲ್ಲಿ ಮಾಡಿಕೊಂಡ ಮೂತ್ರಪರೀಕ್ಷೆ ಹೇಳಿತ್ತು. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಐದು ವಾರ ದಾಟಿದ್ದಾಗ ಕಂದು ಬಣ್ಣದ ಸ್ರಾವ ಸ್ವಲ್ಪ ಕಾಣಿಸಿಕೊಂಡಿತು. ಹೊಟ್ಟೆನೋವೇನೂ ಇರಲಿಲ್ಲ. ಆದರೂ ತೋರಿಸಿಕೊಂಡು ಬರೋಣವೆಂದು ಆಸ್ಪತ್ರೆಗೆ ಹೋದಾಗ ರಕ್ತ ತೆಗೆದುಕೊಂಡು, ಯೋನಿಯ ಮೂಲಕ ಮಾಡುವ ಒಳಸ್ಕ್ಯಾನಿಂಗ್ ಮಾಡಿದರು. ಸಂಜೆಯ ವೇಳೆಗೆ ಎರಡು ಕಾಗದಗಳು ಕೈಸೇರಿದವು. ಗರ್ಭ ಕಟ್ಟಿದಾಗ ರಕ್ತದಲ್ಲಿ ಏರುವ ಹಾರ್ಮೋನಾದ ಬೀಟಾ ಎಚ್‌ಸಿಜಿ 386 ಎಂದು ಒಂದರಲ್ಲಿತ್ತು. ಗರ್ಭವಿಲ್ಲದವರಲ್ಲಿ ಅದು ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಇರುತ್ತದೆ, ಆದ್ದರಿಂದ ಗರ್ಭ ಕಟ್ಟಿದ್ದರ ಬಗ್ಗೆ ಸಂಶಯವಿರಲಿಲ್ಲ. ಇನ್ನೊಂದರಲ್ಲಿ, ಗರ್ಭಕೋಶದೊಳಗೆ ಗರ್ಭಚೀಲ ಕಾಣುತ್ತಿಲ್ಲ, ಬಲ ಅಂಡಾಶಯದ ಬಳಿ ಉಂಗುರದಂತಹ ಸಣ್ಣ ರಚನೆಯೊಂದಿದೆ, ಹೊಟ್ಟೆಯೊಳಗೆ ದ್ರವ ಸೇರಿಕೊಂಡಿಲ್ಲ, ಬೀಟಾ ಎಚ್‌ಸಿಜಿಯೊಂದಿಗೆ ತಾಳೆ ನೋಡತಕ್ಕದ್ದು ಎಂದು ಬರೆದಿದ್ದರು.

ಈ ಎರಡು ಕಾಗದಗಳ ನಡುವಿನ ಸ್ಥಿತಿಗೆ ವೈದ್ಯರು ಇಟ್ಟಿರುವ ಹೆಸರು ‘ಸ್ಥಳ ತಿಳಿಯದ ಗರ್ಭ’. ಕಡತಗಳಲ್ಲಿ ಇದನ್ನು ಪಿಯುಎಲ್ ಎಂದು ಬರೆಯುತ್ತಾರೆ. ಇದು ಕಾಯಿಲೆಯ ಹೆಸರಲ್ಲ, ಕೊನೆಯ ತೀರ್ಮಾನವೂ ಅಲ್ಲ. ಗರ್ಭ ಎಲ್ಲಿದೆಯೆಂದು ಸದ್ಯಕ್ಕೆ ಹೇಳಲಾಗದು ಎಂಬುದಷ್ಟೇ ಇದರ ಅರ್ಥ ಎನ್ನುವುದನ್ನು ಅರಗಿಸಿಕೊಳ್ಳಲು ನನಗೆ ಸಮಯ ಹಿಡಿಯಿತು. ಇದರ ಹಿಂದೆ ಮುಖ್ಯವಾಗಿ ಮೂರು ಸಾಧ್ಯತೆಗಳಿರುತ್ತವೆ. ಗರ್ಭವು ಗರ್ಭಕೋಶದಲ್ಲೇ ಇದ್ದು, ಕಣ್ಣಿಗೆ ಬೀಳದಷ್ಟು ಎಳೆಯದಾಗಿರಬಹುದು. ಎಲ್ಲಿಯೇ ಇದ್ದರೂ ಬೆಳವಣಿಗೆ ನಿಂತು ತಾನಾಗಿ ಕರಗಿಹೋಗುತ್ತಿರಬಹುದು. ಅಥವಾ ಗರ್ಭಕೋಶದ ಹೊರಗೆ, ಬಹುಪಾಲು ಗರ್ಭನಾಳದಲ್ಲಿ, ಬೇರೂರಿರಬಹುದು. ಇದನ್ನೇ ಎಕ್ಟೋಪಿಕ್ ಎನ್ನುತ್ತಾರೆ. ಹೆಚ್ಚಿನ ಪ್ರಕರಣಗಳು ಮೊದಲೆರಡರಲ್ಲಿ ಮುಗಿಯುತ್ತವೆ. ಆದರೆ ಮೂರನೆಯದನ್ನು ಗಮನಿಸದೆ ಬಿಟ್ಟರೆ ನಾಳ ಒಡೆದು ಒಳಗೇ ರಕ್ತಸ್ರಾವವಾಗಿ ಜೀವಕ್ಕೆ ಅಪಾಯವಾಗುತ್ತದೆ. ಇಡೀ ಪ್ರಕ್ರಿಯೆ ನಡೆಯುವುದು ಆ ಒಂದು ಭಯದ ಸುತ್ತ.

ಆ ಸಂಜೆ ಕರ್ತವ್ಯದಲ್ಲಿದ್ದ ವೈದ್ಯರು ವರದಿಯ ಮೇಲೆ ಕಣ್ಣಾಡಿಸಿ, “ಗರ್ಭಕೋಶ ಖಾಲಿಯಿದೆ, ಅಂಡಾಶಯದ ಪಕ್ಕದಲ್ಲಿ ಏನೋ ಇದೆ, ಎಕ್ಟೋಪಿಕ್ ಇರಬೇಕು. ಇವತ್ತೇ ಇಂಜೆಕ್ಷನ್ ಕೊಟ್ಟುಬಿಡೋಣ” ಎಂದರು. ಅವರು ಹೇಳುತ್ತಿದ್ದದ್ದು ಮೆಥೊಟ್ರೆಕ್ಸೇಟ್ ಎಂಬ ಔಷಧದ ಬಗ್ಗೆ. ಬೇಗನೆ ವಿಭಜನೆಯಾಗುವ ಜೀವಕೋಶಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ. ನಾಳದಲ್ಲಿ ಸಿಲುಕಿದ ಗರ್ಭಕ್ಕೆ ಒಳ್ಳೆಯ ಚಿಕಿತ್ಸೆ, ಆದರೆ ಗರ್ಭಕೋಶದಲ್ಲಿ ಸರಿಯಾಗಿ ಬೆಳೆಯುತ್ತಿರುವ ಗರ್ಭಕ್ಕೆ ಕೊಟ್ಟರೆ ಅದನ್ನು ಕೊಲ್ಲುತ್ತದೆ, ಇಲ್ಲವೇ ಮಗುವಿನಲ್ಲಿ ತೀವ್ರವಾದ ಅಂಗದೋಷಗಳನ್ನು ಉಂಟುಮಾಡುತ್ತದೆ. ನನ್ನ ಪತಿ, “ಇದು ಎಕ್ಟೋಪಿಕ್ ಎಂದು ಖಚಿತವೇ?” ಎಂದು ಕೇಳಿದರು. ಬಂದ ಉತ್ತರ ಖಚಿತವಾಗಿರಲಿಲ್ಲ. ನೋವಿಲ್ಲ, ನಾಡಿಮಿಡಿತ ಮತ್ತು ರಕ್ತದೊತ್ತಡ ಸರಿಯಾಗಿವೆ, ಒಳಗೆ ದ್ರವವೂ ಇಲ್ಲ ಎನ್ನುವುದನ್ನು ದೃಢಪಡಿಸಿಕೊಂಡು, ಮರುದಿನ ಹಿರಿಯ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕಾಣಲು ನಿರ್ಧರಿಸಿದೆವು. ಈ ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಎರಡನೆಯ ಅಭಿಪ್ರಾಯಕ್ಕಾಗಿ ಮನೆಗೆ ಮರಳುವುದು ತಪ್ಪು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆ ತಜ್ಞೆ ಮತ್ತೆ ಸ್ವತಃ ಸ್ಕ್ಯಾನಿಂಗ್ ಮಾಡಿದರು. ಬಲಭಾಗದ ಉಂಗುರದಂತಹ ರಚನೆ ಪರದೆಯ ಮೇಲೆ ಬಂದಾಗ ಸ್ಕ್ಯಾನಿಂಗ್ ಕಡ್ಡಿಯಿಂದ ಮೆಲ್ಲನೆ ಒತ್ತಿ, ಅದು ಅಂಡಾಶಯದ ಜೊತೆಯಲ್ಲೇ ಸರಿಯುತ್ತದೆಯೋ, ಅಂಡಾಶಯದಿಂದ ಬೇರ್ಪಟ್ಟು ಜಾರುತ್ತದೆಯೋ ಎಂದು ನೋಡಿದರು. ಅದು ಅಂಡಾಶಯದೊಳಗೇ ಇತ್ತು, ಅದರ ಜೊತೆಯಲ್ಲೇ ಚಲಿಸಿತು. ಅಂಡ ಬಿಡುಗಡೆಯಾದ ಜಾಗದಲ್ಲಿ ಪ್ರತಿ ತಿಂಗಳೂ ಉಳಿಯುವ ಕಾರ್ಪಸ್ ಲೂಟಿಯಂ ಅದು, ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಆರಂಭದಲ್ಲಿ ಸ್ರವಿಸುವುದೂ ಅದೇ ಎಂದು ಅವರು ವಿವರಿಸಿದರು. ನಾಳದಲ್ಲಿರುವ ಗರ್ಭವೂ ಪರದೆಯ ಮೇಲೆ ಇದೇ ರೀತಿ ಉಂಗುರದಂತೆ ಕಾಣಬಲ್ಲದು. ಆದರೆ ಸಾಮಾನ್ಯವಾಗಿ ಅದು ಅಂಡಾಶಯದಿಂದ ಬೇರೆಯಾಗಿ ಜಾರುತ್ತದೆ. ವರದಿಯಲ್ಲಿ ಇಂತಹ ಸಾಲನ್ನು ಕಂಡವರು, “ಇದು ಅಂಡಾಶಯದ ಒಳಗಿದೆಯೋ, ಹೊರಗಿದೆಯೋ?” ಎಂದು ಕೇಳಿದರೆ ಉಪಯುಕ್ತವಾದ ಉತ್ತರ ಸಿಗುತ್ತದೆ.

ಗರ್ಭಕೋಶ ಏಕೆ ಖಾಲಿಯಾಗಿದೆ ಎಂಬುದಕ್ಕೂ ಅವರು ಆತಂಕವಿಲ್ಲದ ಕಾರಣವೊಂದನ್ನು ಹೇಳಿದರು. ವಾರಗಳ ಲೆಕ್ಕವು ಮುಟ್ಟಾದ ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಅಂಡ ಬಿಡುಗಡೆಯಾಗುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ನನ್ನ ಮುಟ್ಟಿನ ಚಕ್ರ ಕೆಲವೊಮ್ಮೆ ಮೂವತ್ತನಾಲ್ಕು, ಮೂವತ್ತೈದು ದಿನಗಳಿಗೆ ಹಿಗ್ಗುವುದರಿಂದ ಕಾಗದದ ಮೇಲಿನ ಐದು ವಾರ ನಿಜದಲ್ಲಿ ನಾಲ್ಕು ವಾರ ಚಿಲ್ಲರೆಯಾಗಿರುವುದು ಸಾಧ್ಯವಿತ್ತು. ಗರ್ಭಚೀಲ ಒಳಸ್ಕ್ಯಾನಿಂಗ್‌ನಲ್ಲಿ ಕಾಣತೊಡಗುವುದೇ ಸುಮಾರು ನಾಲ್ಕೂವರೆಯಿಂದ ಐದು ವಾರದ ಹೊತ್ತಿಗೆ. ಎಚ್‌ಸಿಜಿ 386 ಇರುವಾಗ ಆರೋಗ್ಯವಾಗಿರುವ ಗರ್ಭವೂ ಕಾಣದಿರುವುದು ಸಹಜ. ಹಿಂದೆ 1500 ಅಥವಾ 2000 ದಾಟಿದರೆ ಚೀಲ ಕಾಣಲೇಬೇಕು ಎನ್ನುತ್ತಿದ್ದರು. ಆ ಗೆರೆಯನ್ನು ನಂಬಿ ಒಳ್ಳೆಯ ಗರ್ಭಗಳಿಗೆ ಹಾನಿಯಾದ ಉದಾಹರಣೆಗಳಿರುವುದರಿಂದ ಅಮೆರಿಕದ ಪ್ರಸೂತಿ ತಜ್ಞರ ಸಂಘವು ಈ ಗೆರೆಯನ್ನು ಬಳಸುವುದಾದರೆ 3500ರಷ್ಟು ಎತ್ತರದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ. “ಒಂದು ಅಂಕಿಯಿಂದ ಏನೂ ಗೊತ್ತಾಗುವುದಿಲ್ಲಮ್ಮ. 48 ಗಂಟೆಗಳ ನಂತರ ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಿ, ಆಮೇಲೆ ಮಾತನಾಡೋಣ” ಎಂದು ಕಳುಹಿಸಿದರು.

ಆ 48 ಗಂಟೆಗಳ ಮಾನಸಿಕ ಸ್ಥಿತಿಯನ್ನು ವಿವರಿಸುವುದು ಕಷ್ಟ. ಗರ್ಭಿಣಿಯೆಂದು ಸಂತೋಷಪಡುವಂತಿಲ್ಲ, ಕಳೆದುಕೊಂಡೆನೆಂದು ಅಳುವಂತೆಯೂ ಇಲ್ಲ. ಕಚೇರಿಗೆ ರಜೆಯ ಅರ್ಜಿ ಬರೆಯುವಾಗ ಯಾವ ಕಾರಣವನ್ನು ಹಾಕಬೇಕೆಂದು ತೋಚಲಿಲ್ಲ. ಕೊನೆಗೆ ‘ವೈದ್ಯಕೀಯ ನಿಗಾದಲ್ಲಿದ್ದಾರೆ’ ಎಂದಷ್ಟೇ ಬರೆದುಕೊಡುವಂತೆ ವೈದ್ಯರನ್ನು ಕೇಳಿಕೊಂಡೆ, ಅದು ಸಾಕಾಯಿತು. ವಿಷಯ ಗೊತ್ತಿದ್ದದ್ದು ನನ್ನ ಪತಿಗೆ ಮತ್ತು ಅಕ್ಕನಿಗೆ ಮಾತ್ರ. ಅಕ್ಕ ದಿನಕ್ಕೆರಡು ಬಾರಿ ಫೋನ್ ಮಾಡಿ ಹೊಟ್ಟೆನೋವು ಇದೆಯೇ ಎಂದು ಮಾತ್ರ ಕೇಳಿ, ಬೇರೆ ಯಾವುದನ್ನೂ ಕೆದಕದೆ ಇಟ್ಟುಬಿಡುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅಷ್ಟೇ.

ಎರಡನೆಯ ಅಂಕಿ 492 ಬಂತು. ಏರಿಕೆಯಾಗಿದೆ ಎಂದು ಮೊದಲ ಕ್ಷಣ ಸಮಾಧಾನವಾಯಿತು; ಲೆಕ್ಕ ಹಾಕಿದಾಗ ಅದು ಉಳಿಯಲಿಲ್ಲ. ಹೆಚ್ಚಳ 106, ಅದನ್ನು ಮೊದಲ ಅಂಕಿಯಾದ 386ರಿಂದ ಭಾಗಿಸಿದರೆ ಶೇಕಡ 27. ಎಚ್‌ಸಿಜಿ ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗಲೇಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ಅಷ್ಟು ಸರಿಯಲ್ಲ. ಮೊದಲ ಅಂಕಿ 1500ಕ್ಕಿಂತ ಕಡಿಮೆ ಇರುವಾಗ, ಗರ್ಭಕೋಶದಲ್ಲಿ ಸರಿಯಾಗಿ ಬೆಳೆಯುವ ಬಹುತೇಕ ಎಲ್ಲ ಗರ್ಭಗಳಲ್ಲೂ 48 ಗಂಟೆಗಳಲ್ಲಿ ಕನಿಷ್ಠ ಶೇಕಡ 49ರಷ್ಟು ಏರಿಕೆ ಕಂಡುಬರುತ್ತದೆ. ಅಂದರೆ ನನಗೆ ಕನಿಷ್ಠ 575 ಬರಬೇಕಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇದನ್ನು ಇನ್ನೊಂದು ಬಗೆಯಲ್ಲಿ ನೋಡುತ್ತದೆ: 48 ಗಂಟೆಗಳಲ್ಲಿ ಶೇಕಡ 63ಕ್ಕಿಂತ ಹೆಚ್ಚು ಏರಿದರೆ ಗರ್ಭಕೋಶದಲ್ಲೇ ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು, ಶೇಕಡ 50ಕ್ಕಿಂತ ಹೆಚ್ಚು ಇಳಿದರೆ ಮುಂದುವರಿಯುವ ಸಾಧ್ಯತೆ ಕಡಿಮೆ, ಇವೆರಡರ ನಡುವೆ ಇದ್ದರೆ 24 ಗಂಟೆಗಳೊಳಗೆ ವೈದ್ಯರು ಮತ್ತೆ ಪರಿಶೀಲಿಸಬೇಕು. ನಾನಿದ್ದದ್ದು ಆ ನಡುವಿನಲ್ಲಿ.

ಏರಿಕೆ ಚೆನ್ನಾಗಿದ್ದಿದ್ದರೂ ಎಕ್ಟೋಪಿಕ್ ಅಲ್ಲವೆಂದು ಖಾತರಿಯಾಗುತ್ತಿರಲಿಲ್ಲ ಎಂದು ತಜ್ಞೆ ಎಚ್ಚರಿಸಿದರು. ನಾಳದಲ್ಲಿರುವ ಕೆಲವು ಗರ್ಭಗಳಲ್ಲೂ ಎಚ್‌ಸಿಜಿ ಸಹಜವಾಗಿ ಏರುತ್ತದೆ, ಇನ್ನು ಕೆಲವುಗಳಲ್ಲಿ ತಾನಾಗಿ ಇಳಿಯುತ್ತದೆ. ಗರ್ಭ ಬೆಳೆಯುತ್ತಿದೆಯೇ ಎಂಬ ಪ್ರಶ್ನೆಗೆ ಅಂಕಿ ಸುಳಿವು ಕೊಡುತ್ತದೆಯೇ ಹೊರತು ಅದು ಎಲ್ಲಿದೆ ಎಂಬುದನ್ನು ಹೇಳಬಲ್ಲದ್ದು ಸ್ಕ್ಯಾನಿಂಗ್ ಮಾತ್ರ.

ಮುಂದಿನ ರಕ್ತಪರೀಕ್ಷೆಯ ದಿನ ನಮ್ಮ ಲ್ಯಾಬಿಗೆ ರಜೆ. ಬೇರೊಂದು ಲ್ಯಾಬಿನಲ್ಲಿ ಕೊಟ್ಟೆವು. ಅಲ್ಲಿ ಬಂದ ಅಂಕಿ 688. ಎರಡು ದಿನದಲ್ಲಿ ಶೇಕಡ 40 ಏರಿದೆ, ಚೇತರಿಸಿಕೊಂಡಿದೆ ಎಂದು ಪತಿ ಲೆಕ್ಕ ಹಾಕಿ ತೋರಿಸಿದಾಗ ನಾನು ನಂಬಿದೆ. ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು. ಬೆಳಿಗ್ಗೆ ಫೋನಿನಲ್ಲಿ ಅಂಕಿ ಕೇಳಿದ ವೈದ್ಯರು ತಕ್ಷಣ, “ಇದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ, ಈಗಲೇ ಹಳೆಯ ಲ್ಯಾಬಿಗೆ ಹೋಗಿ” ಎಂದರು. ಅಲ್ಲಿ ಬಂದದ್ದು 521. ಎಚ್‌ಸಿಜಿ ಅಳೆಯುವ ಯಂತ್ರಗಳೂ ಅವುಗಳಲ್ಲಿ ಬಳಸುವ ರಾಸಾಯನಿಕಗಳೂ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಒಂದೇ ರಕ್ತವನ್ನು ಎರಡು ಕಡೆ ಕೊಟ್ಟರೂ ಎರಡು ಅಂಕಿ ಬರಬಹುದು. ಎರಡು ಲ್ಯಾಬುಗಳೂ ತಮ್ಮ ಮಟ್ಟಿಗೆ ಸರಿಯೇ. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸುವಂತಿಲ್ಲ ಅಷ್ಟೆ. ಮೊದಲ ದಿನವೇ ಲ್ಯಾಬಿನ ವಾರದ ರಜೆ, ರಕ್ತ ತೆಗೆದುಕೊಳ್ಳುವ ವೇಳೆ, ವರದಿ ಬರುವ ಹೊತ್ತು ಇವನ್ನು ಕೇಳಿಕೊಳ್ಳುವುದು ಅಗತ್ಯ. ಒಂದೊಂದು ಪರೀಕ್ಷೆಯ ಖರ್ಚು ದೊಡ್ಡದೆನಿಸದಿದ್ದರೂ ಸ್ಕ್ಯಾನಿಂಗ್ ಮತ್ತು ಸಮಾಲೋಚನೆಯ ಶುಲ್ಕಗಳು ಸೇರಿ ಮೊತ್ತ ಬೆಳೆಯುತ್ತದೆ. ವಿಮೆಯಿದ್ದವರು ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಪರೀಕ್ಷೆಗಳಿಗೆ ಹಣ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ, ರಸೀದಿಗಳನ್ನು ಎತ್ತಿಟ್ಟುಕೊಳ್ಳಬೇಕು.

ನಾನು ಒಂದು ಹಾಳೆಯಲ್ಲಿ ರಕ್ತ ಕೊಟ್ಟ ದಿನಾಂಕ, ಗಂಟೆ, ಲ್ಯಾಬಿನ ಹೆಸರು ಮತ್ತು ಅಂಕಿಯನ್ನು ಸಾಲಾಗಿ ಬರೆಯತೊಡಗಿದೆ. ಅದೇ ಹಾಳೆಯ ತಲೆಯಲ್ಲಿ ಕೊನೆಯ ಮುಟ್ಟಿನ ದಿನಾಂಕ, ಮೂತ್ರಪರೀಕ್ಷೆ ಮೊದಲು ಪಾಸಿಟಿವ್ ಬಂದ ದಿನ ಮತ್ತು ನನ್ನ ರಕ್ತದ ಗುಂಪು ಇದ್ದವು. ಗಂಟೆ ಬರೆಯುವುದು ಅತಿಯಾಯಿತೆಂದು ತೋರಬಹುದು. ಆದರೆ ಎರಡು ಪರೀಕ್ಷೆಗಳ ನಡುವೆ 40 ಗಂಟೆಯಾಗಿದೆಯೋ 60 ಗಂಟೆಯಾಗಿದೆಯೋ ಎಂಬುದರ ಮೇಲೆ ಶೇಕಡಾವಾರು ಏರಿಕೆಯ ಅರ್ಥವೇ ಬದಲಾಗುತ್ತದೆ. ರಕ್ತದ ಗುಂಪು ಬರೆಯಲು ಕಾರಣ, ಆರ್‌ಎಚ್ ನೆಗೆಟಿವ್ ಇರುವವರಿಗೆ ಕೆಲವು ಸಂದರ್ಭಗಳಲ್ಲಿ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಮೂರು ದಿನಗಳಲ್ಲಿ 492ರಿಂದ 521ಕ್ಕೆ, ಅಂದರೆ ಶೇಕಡ 6ರಷ್ಟು ಮಾತ್ರ ಏರಿದ ಮೇಲೆ ಆಸೆ ಇಟ್ಟುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಜೊತೆಗೆ ಮಾಡಿಸಿದ ಪ್ರೊಜೆಸ್ಟರಾನ್ 3.1 ನ್ಯಾನೊಗ್ರಾಂ ಇತ್ತು. 5ಕ್ಕಿಂತ ಕಡಿಮೆಯಿದ್ದರೆ ಆ ಗರ್ಭ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಕೆಲವು ಲ್ಯಾಬುಗಳು ಇದನ್ನು ನ್ಯಾನೊಮೋಲ್‌ಗಳಲ್ಲಿ ಕೊಡುತ್ತವೆ, ಆಗ ಅಂಕಿ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಬೇರೆಯವರ ವರದಿಯೊಂದಿಗೆ ಹೋಲಿಸುವ ಮುನ್ನ ಮಾನ ಯಾವುದೆಂದು ನೋಡಬೇಕು. ಪ್ರೊಜೆಸ್ಟರಾನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಈ ಪರೀಕ್ಷೆಯನ್ನು ಹೀಗೆ ಓದಲಾಗದು. ಇದೂ ಸಹ ಗರ್ಭದ ಜಾಗವನ್ನು ಹೇಳುವುದಿಲ್ಲ. ಮತ್ತೊಮ್ಮೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಹಾಗೆಯೇ ಖಾಲಿ, ನಾಳಗಳ ಬಳಿಯೂ ಏನೂ ಇಲ್ಲ, ದ್ರವವೂ ಇಲ್ಲ.

ತಜ್ಞೆ ಅಂದು ಬಹಳ ಹೊತ್ತು ಮಾತನಾಡಿದರು. ಈ ಗರ್ಭ ಮುಂದುವರಿಯುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿ, ನಾನು ಸುಧಾರಿಸಿಕೊಳ್ಳುವವರೆಗೆ ಸುಮ್ಮನಿದ್ದರು. ಆಮೇಲೆ ಮೂರು ದಾರಿಗಳನ್ನು ಮುಂದಿಟ್ಟರು. ಒಂದು, ಗರ್ಭಕೋಶದ ಒಳಪದರವನ್ನು ಹೀರಿ ತೆಗೆದು ಅದರಲ್ಲಿ ಗರ್ಭದ ಅಂಗಾಂಶವಿದೆಯೇ ಎಂದು ಪರೀಕ್ಷಿಸುವುದು. ಇದ್ದರೆ ಗರ್ಭ ಒಳಗೇ ಇತ್ತೆಂದು ಖಚಿತವಾಗುತ್ತದೆ, ಇಲ್ಲದಿದ್ದು ಎಚ್‌ಸಿಜಿಯೂ ಇಳಿಯದಿದ್ದರೆ ಎಕ್ಟೋಪಿಕ್ ಎಂದು ಚಿಕಿತ್ಸೆ ಮಾಡುತ್ತಾರೆ. ಎರಡು, ಮೆಥೊಟ್ರೆಕ್ಸೇಟ್. ಮೂರು, ಔಷಧವಿಲ್ಲದೆ ಕಾಯುತ್ತಾ ಅಂಕಿ ಇಳಿಯುವುದನ್ನು ನೋಡುವುದು. ಅಂಕಿ ಕಡಿಮೆಯಿದೆ, ಏರಿಕೆ ನಿಲ್ಲುತ್ತಾ ಬಂದಿದೆ, ನೋವಿಲ್ಲ, ಆಸ್ಪತ್ರೆ ದೂರವಿಲ್ಲ, ಕರೆದ ದಿನ ತಪ್ಪದೆ ಬರುತ್ತೀರಿ ಎನ್ನುವುದಾದರೆ ಮೂರನೆಯದು ಸಮಂಜಸ ಎಂಬುದು ಅವರ ಅಭಿಪ್ರಾಯವಾಗಿತ್ತು. ಮೆಥೊಟ್ರೆಕ್ಸೇಟ್ ತೆಗೆದುಕೊಂಡರೆ ಮುಂದಿನ ಗರ್ಭಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಲು ಹೇಳುತ್ತಾರೆ. ಔಷಧ ಕೆಲಸ ಮಾಡುವವರೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ನಿಲ್ಲಿಸಬೇಕಾಗುತ್ತದೆ. ಹಾಗೆಂದು ಅದನ್ನು ಕೆಟ್ಟ ಔಷಧವೆಂದು ಯಾರೂ ತಿಳಿಯಬಾರದು: ಅಂಕಿ ಇಳಿಯದೆ ನಿಂತುಬಿಟ್ಟರೆ ಅದೇ ನಮ್ಮ ಮುಂದಿನ ಹೆಜ್ಜೆ ಎಂದು ಅಂದೇ ತೀರ್ಮಾನವಾಗಿತ್ತು. ಮೊದಲ ಸಂಜೆಗೂ ಈಗಕ್ಕೂ ಇದ್ದ ವ್ಯತ್ಯಾಸವೆಂದರೆ, ಆಗ ಗರ್ಭ ಚೆನ್ನಾಗಿರಬಹುದಾದ ಸಾಧ್ಯತೆಯಿತ್ತು, ಈಗ ಇರಲಿಲ್ಲ.

ಕಾಯಲು ಒಪ್ಪಿದ ಮೇಲೆ ಅವರು ಚೀಟಿಯ ಹಿಂಬದಿಯಲ್ಲಿ ಕೆಲವು ಲಕ್ಷಣಗಳನ್ನು ಬರೆದುಕೊಟ್ಟರು. ಒಂದು ಪಕ್ಕದಲ್ಲಿ ನಿಲ್ಲದ ಅಥವಾ ಹೆಚ್ಚುತ್ತಿರುವ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಅಥವಾ ಪ್ರಜ್ಞೆ ತಪ್ಪಿದಂತಾಗುವುದು, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ. ಇವುಗಳಲ್ಲಿ ಯಾವುದೇ ಕಂಡರೂ ಫೋನ್ ಮಾಡಿ ಕೇಳುತ್ತಾ ಕೂರದೆ ನೇರವಾಗಿ ತುರ್ತು ವಿಭಾಗಕ್ಕೆ ಬರಬೇಕು. ಭುಜಕ್ಕೂ ಗರ್ಭಕ್ಕೂ ಏನು ಸಂಬಂಧ ಎಂದು ನಾನು ಕೇಳಿದೆ. ಹೊಟ್ಟೆಯೊಳಗೆ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ತಾಕಿ ಕೆರಳಿಸಿದಾಗ, ಅದರ ನರ ಭುಜದ ನರಗಳೊಂದಿಗೆ ಒಂದೇ ಮೂಲವನ್ನು ಹಂಚಿಕೊಂಡಿರುವುದರಿಂದ, ನೋವು ಭುಜದಲ್ಲಿದ್ದಂತೆ ಅನ್ನಿಸುತ್ತದೆ ಎಂದರು.

ಎರಡು ದಿನಗಳ ನಂತರದ ಅಂಕಿ 447. ಶೇಕಡ 14ರ ಇಳಿಕೆ ಸಾಕಷ್ಟು ವೇಗದ್ದಲ್ಲ ಎಂದು ವೈದ್ಯರು ಇನ್ನೂ ಎಚ್ಚರದಲ್ಲೇ ಇದ್ದರು. ಆ ರಾತ್ರಿ ಮುಟ್ಟಿನಂತೆಯೇ ರಕ್ತಸ್ರಾವ ಆರಂಭವಾಯಿತು. ಕಿಬ್ಬೊಟ್ಟೆಯ ನಡುವೆ ಹಿಂಡುವ ನೋವಿತ್ತು, ಪಕ್ಕದಲ್ಲಿ ಇರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ 298. ಆ ಬಳಿಕ ವಾರಕ್ಕೊಮ್ಮೆ ಸಾಕೆಂದರು. 112 ಬಂತು, 31 ಬಂತು.

ಈ ಹಂತದಲ್ಲಿ ಪರೀಕ್ಷೆಗಳನ್ನು ನಿಲ್ಲಿಸಿಬಿಡುವ ಆಸೆ ಬಲವಾಗಿತ್ತು. ಮುಗಿದುಹೋದದ್ದನ್ನು ಮುಗಿದಿದೆಯೆಂದು ಕಾಗದದಲ್ಲಿ ಓದಲು ವಾರವಾರವೂ ಲ್ಯಾಬಿನ ಸಾಲಿನಲ್ಲಿ ಕೂರುವುದು, ಪಕ್ಕದಲ್ಲಿ ಹೊಟ್ಟೆ ಮುಂದೆ ಬಂದ ಹೆಂಗಸರು ಕುಳಿತಿರುವುದು, ಎರಡೂ ಸಹಿಸಲಾಗದ ಸಂಗತಿಗಳು. ಆದರೆ ಎಚ್‌ಸಿಜಿ ಇಳಿಯುತ್ತಿರುವಾಗಲೂ ನಾಳದಲ್ಲಿರುವ ಗರ್ಭ ಒಡೆದ ಪ್ರಕರಣಗಳಿವೆ, ಗರ್ಭ ಎಲ್ಲಿತ್ತೆಂದು ತಿಳಿಯದ ನನ್ನಂಥವರಿಗೆ ಅಂಕಿ 5ಕ್ಕಿಂತ ಕೆಳಗಿಳಿಯುವವರೆಗೂ ಬಿಡುಗಡೆಯಿಲ್ಲ ಎಂದು ತಜ್ಞೆ ಖಂಡಿತವಾಗಿ ಹೇಳಿದರು. ಸಾಲಿನಲ್ಲಿ ನನ್ನ ಬದಲು ಪತಿ ನಿಲ್ಲುವುದು, ಹೆಸರು ಕರೆದಾಗ ಮಾತ್ರ ನಾನು ಹೊರಗಿನಿಂದ ಒಳಗೆ ಬರುವುದು ಎಂಬ ಏರ್ಪಾಡು ಮಾಡಿಕೊಂಡೆವು. ಕೇಳಿದರೆ ಲ್ಯಾಬಿನವರು ಇದಕ್ಕೆ ಒಪ್ಪುತ್ತಾರೆ.

ಕೊನೆಯ ವರದಿಯಲ್ಲಿ 3 ಎಂದಿತ್ತು. ಗರ್ಭ ಗರ್ಭಕೋಶದಲ್ಲಿತ್ತೋ, ನಾಳದಲ್ಲಿತ್ತೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಪಿಯುಎಲ್ ಎಂದು ಆರಂಭವಾಗಿ ತಾನಾಗಿ ಇಳಿದುಹೋಗುವ ಗರ್ಭಗಳಲ್ಲಿ ಹೀಗಾಗುವುದು ಸಾಮಾನ್ಯವಂತೆ. ಎಲ್ಲಿತ್ತೆಂದು ತಿಳಿದಿದ್ದರೆ ದುಃಖಕ್ಕೆ ಒಂದು ವಿವರಣೆಯಾದರೂ ಸಿಗುತ್ತಿತ್ತು ಎಂದು ನನಗೆ ಅನೇಕ ಬಾರಿ ಅನ್ನಿಸಿದೆ. ತಜ್ಞೆ ನನ್ನ ಸಾರಾಂಶಪತ್ರದಲ್ಲಿ ‘ಸ್ಥಳ ತಿಳಿಯದ ಗರ್ಭ, ಚಿಕಿತ್ಸೆಯಿಲ್ಲದೆ ಶಮನಗೊಂಡಿದೆ, ಎಕ್ಟೋಪಿಕ್ ಆಗಿರಲಿಲ್ಲವೆಂದು ಹೇಳಲಾಗದು’ ಎಂದು ಬರೆದರು. ಇಷ್ಟನ್ನೂ ಬರೆಯಿಸಿಕೊಳ್ಳುವುದು ಮುಖ್ಯ. ಬರಿಯ ‘ಗರ್ಭಪಾತ’ ಎಂದು ಬರೆದ ಕಾಗದವನ್ನು ನೋಡುವ ಮುಂದಿನ ವೈದ್ಯರಿಗೆ ಈ ಅನುಮಾನ ಉಳಿದಿದೆಯೆಂದು ತಿಳಿಯುವುದಿಲ್ಲ. ಮತ್ತೆ ಗರ್ಭ ನಿಂತಾಗ ಮೂರನೆಯ ತಿಂಗಳವರೆಗೆ ಕಾಯದೆ, ಆರನೆಯ ವಾರದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಿ ಗರ್ಭಚೀಲ ಒಳಗಿದೆಯೆಂದು ನೋಡಿಕೊಳ್ಳಬೇಕೆಂದು ಅದೇ ಪತ್ರದ ಕೊನೆಯ ಸಾಲಿನಲ್ಲಿದೆ.